ಮೊದಲ ವಾರದ ಮೇಲ್: ಹೊಸಬರಿಗೆ ಯಾರ ನಂಬರ್ ಕೊಡ್ತೀರಿ?

ಈ ಸಂಚಿಕೆ ಒಂದೇ ಒಂದು ಇ-ಮೇಲ್ ಬಗ್ಗೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಕಂಪನಿಯವರು ಕಳಿಸ್ತಾರಲ್ಲ, ‘ಸ್ವಾಗತ, ಮೊದಲ ವಾರ ಹೀಗಿರುತ್ತದೆ, ಏನಾದರೂ ಬೇಕಾದರೆ ಇವರನ್ನು ಸಂಪರ್ಕಿಸಿ’ ಅಂತ, ಅದು. ಇದರ ಬಗ್ಗೆ ಒಂದು ಇಡೀ ಸಂಚಿಕೆ ಮಾಡೋದೇನೈತಿ ಅಂತ ನಿಮಗೆ ಅನಿಸಬಹುದು. ನನಗೂ ಹಾಗೇ ಅನಿಸಿತ್ತು, ಸವಣೂರ ತಾಲೂಕಿನ ಒಬ್ಬ ಕೇಳುಗಳು ತನಗೆ ಬಂದಿದ್ದ ಮೇಲನ್ನ ನನಗೆ ಕಳಿಸೋ ತನಕ.

ಆಕೆ ಕಳೆದ ವರ್ಷ ಗೋವಿನಜೋಳ ಕಣಕ್ಕೆ ಬರೋ ಹೊತ್ತಿನಲ್ಲಿ ಒಂದು ರೈತ ಉತ್ಪಾದಕ ಕಂಪನಿಗೆ ಕ್ಷೇತ್ರ ಸಂಯೋಜಕಿ ಆಗಿ ಸೇರಿದಳು. ಕಂಪನಿಯ ಹೆಸರು ಬೇಡ. ಆಫೀಸು ಹಾವೇರಿಯಲ್ಲಿ, ಸದಸ್ಯ ರೈತರು ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ಈ ನಾಲ್ಕು ಕಡೆ. ಆಕೆಯನ್ನೂ ಸೇರಿಸಿ ಸಿಬ್ಬಂದಿ ಒಂಬತ್ತು ಜನ. ಈ ಒಂಬತ್ತು ಅನ್ನೋ ಸಂಖ್ಯೆ ನೆನಪಿಟ್ಟುಕೊಳ್ರಿ, ಆಮೇಲೆ ಬೇಕಾಗುತ್ತದೆ. ನೇಮಕಾತಿಯ ಕಾಗದಪತ್ರದ ಕೆಲಸವನ್ನ ಇವರು ಬೆಂಗಳೂರಿನ ಒಂದು ಏಜೆನ್ಸಿಗೆ ವಹಿಸಿದ್ದರು. ಸ್ವಾಗತದ ಮೇಲ್ ಬಂದಿದ್ದು ಅಲ್ಲಿಂದ.

ಮೇಲ್ ನೋಡೋಕೆ ಚೆಂದ ಇತ್ತು. ಮೇಲೆ ಒಂದು ಹೂಗುಚ್ಛದ ಚಿತ್ರ, ಕೆಳಗೆ ‘ನಮ್ಮ ಕುಟುಂಬಕ್ಕೆ ಸ್ವಾಗತ’. ಮೊದಲ ವಾರದ ಯೋಜನೆ ಅಂತ ಐದು ಸಾಲು: ಸೋಮವಾರ ಹಾನಗಲ್ಲ, ಮಂಗಳವಾರ ಶಿಗ್ಗಾಂವ, ಬುಧವಾರ ಹಿರೇಕೆರೂರ, ಗುರುವಾರ ಸವಣೂರ, ಶುಕ್ರವಾರ ವರದಿ ಸಲ್ಲಿಕೆ. ಸಂಪರ್ಕಕ್ಕೆ ಎರಡು ಸಾಲು: ಒಂದು ಏಜೆನ್ಸಿಯ ಸ್ಥಿರ ದೂರವಾಣಿ, ಇನ್ನೊಂದು ‘ನಿಮ್ಮ ಮೇಲಧಿಕಾರಿ’. ಮೇಲಧಿಕಾರಿಯ ಹೆಸರಿತ್ತು, ನಂಬರ್ ಇರಲಿಲ್ಲ. ಜೊತೆಗೆ ಒಂದು ದೊಡ್ಡ ಪಿಡಿಎಫ್.

ಇನ್ನೊಂದು ತಮಾಷೆ ಕೇಳ್ರಿ. ಆ ಮೇಲ್ ಹೋಗಿದ್ದು ಆಕೆಯ ಹೊಸ ಆಫೀಸ್ ಮೇಲ್ ವಿಳಾಸಕ್ಕೆ. ಆ ವಿಳಾಸ ತೆರೆಯೋಕೆ ಬೇಕಾದ ಪಾಸ್‌ವರ್ಡ್ ಎಲ್ಲಿತ್ತು? ಅದೇ ಮೇಲಿನೊಳಗೆ. ಬೀಗದ ಕೈ ಮನೆಯೊಳಗಿಟ್ಟು ಬಾಗಿಲು ಹಾಕಿಕೊಂಡ ಹಾಗೆ. ಹೀಗಾಗಿ ಸೋಮವಾರ ಬೆಳಿಗ್ಗೆ ಎಲ್ಲಿಗೆ ಹೋಗಬೇಕು ಅನ್ನೋದೇ ಗೊತ್ತಿಲ್ಲದೆ ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಳು. ಸಂದರ್ಶನ ಮಾಡಿದವರಿಗೆ ಫೋನ್ ಮಾಡಿ, ಅವರು ಮೇಲನ್ನ ವಾಟ್ಸ್‌ಆ್ಯಪಿಗೆ ಕಳಿಸಿದ ಮೇಲೆ ಹಾನಗಲ್ಲಿನ ಬಸ್ ಹತ್ತಿದಳು.

ಆದರೆ ನಿಜವಾದ ತೊಂದರೆ ಆಗಿದ್ದು ಬುಧವಾರ.

ಬುಧವಾರ ಹಿರೇಕೆರೂರ ಕಡೆಯ ಒಂದು ಹಳ್ಳಿ. ಜೊತೆಗೆ ಬರಬೇಕಿದ್ದ ಹಿರಿಯ ಸಂಯೋಜಕರು ಖರೀದಿ ಕೇಂದ್ರದ ಗದ್ದಲದಲ್ಲಿ ಬರಲಿಲ್ಲ. ಒಬ್ಬ ಹಿರಿಯ ರೈತ ಎರಡು ಸಾವಿರ ರೂಪಾಯಿ ತಂದು ಆಕೆಯ ಕೈಗಿಟ್ಟ. “ಯವ್ವಾ, ನೀ ಆಫೀಸಿನಾಕಿ ಹೌದಿಲ್ಲೋ? ಷೇರಿನ ರೊಕ್ಕ ಇದು, ಕಟ್ಟಿಬಿಡು.” ತಗೋಬೇಕೋ ಬೇಡವೋ? ರಸೀದಿ ಪುಸ್ತಕ ಇಲ್ಲ. ಬೇಡ ಅಂದರೆ ಹಿರಿಯರಿಗೆ ಬೇಸರ. ಆಕೆ ಏಜೆನ್ಸಿಯ ನಂಬರಿಗೆ ಫೋನ್ ಮಾಡಿದಳು, ರಿಂಗ್ ಆಗಿ ಆಗಿ ಕಟ್ಟಾಯಿತು. ಮೇಲಧಿಕಾರಿಯ ನಂಬರ್ ಹುಡುಕಿ ಹಚ್ಚಿದರೆ ಅವರು ರಜೆಯಲ್ಲಿ. ಕೊನೆಗೆ ನೋಟ್‌ಬುಕ್ಕಿನ ಒಂದು ಹಾಳೆ ಹರಿದು, ‘ಎರಡು ಸಾವಿರ ಮುಟ್ಟಿದೆ’ ಅಂತ ಬರೆದು ಸಹಿ ಮಾಡಿ ಕೊಟ್ಟಳು.

ಗುರುವಾರ ಸವಣೂರ. ಶುಕ್ರವಾರ ಮನೆಯಿಂದಲೇ ವರದಿ. ಶನಿವಾರ, ಭಾನುವಾರ ರಜೆ. ದುಡ್ಡು ಆಕೆಯ ಪರ್ಸಿನಲ್ಲೇ. ಸೋಮವಾರ ಹಾವೇರಿಗೆ ಹೋಗೋ ಹೊತ್ತಿಗೆ ಆ ರೈತನ ಮಗ ಆಫೀಸಿಗೆ ಫೋನ್ ಮಾಡಿ, “ರೊಕ್ಕ ಇಸಗೊಂಡು ಹೋದ್ರು, ಮೊಬೈಲಿಗೆ ಮೆಸೇಜ್ ಬಂದಿಲ್ಲ, ಆ ಹುಡುಗಿ ಯಾರು?” ಅಂತ ಕೇಳಿ ಆಗಿತ್ತು. ಲೆಕ್ಕಪತ್ರದವರು ಎಲ್ಲರ ಮುಂದೆ ಕೇಳಿದ ಪ್ರಶ್ನೆ: “ನಗದು ಮುಟ್ಟಬಾರದು ಅಂತ ನಿಮಗ ಹೇಳಿಲ್ಲೇನು?”

ಹೇಳಿರಲಿಲ್ಲ. ಅದು ಪಿಡಿಎಫ್‌ನ ಹದಿನಾಲ್ಕನೇ ಪುಟದಲ್ಲಿತ್ತು. ಹಳ್ಳಿಯ ನೆಟ್‌ವರ್ಕಿನಲ್ಲಿ ಆ ಪಿಡಿಎಫ್ ಇಳಿದೇ ಇರಲಿಲ್ಲ.

“ಅಣ್ಣಾ, ಕಳ್ಳಿ ಅಂದಂಗಾತು ನನಗ. ಆ ದಿನಾನ ಬಿಡಬೇಕಂತ ಮಾಡಿದ್ದೆ” ಅಂತ ಆಕೆ ಹೇಳಿದಾಗ ನನಗೆ ಈ ಸಂಚಿಕೆ ಮಾಡಲೇಬೇಕು ಅನಿಸಿತು. ನಾನು ಬಿ.ಕಾಂ ಓದಿದವನು. ಆಡಿಟಿಂಗ್ ಪಾಠದಲ್ಲಿ ನಗದಿನ ಮೇಲೆ ನಿಯಂತ್ರಣ ಇಡೋದು ಹೇಗೆ ಅಂತ ಪುಟಗಟ್ಟಲೆ ಓದಿದ್ದೀನಿ. ಯಾರು ದುಡ್ಡು ಮುಟ್ಟಬಹುದು, ಯಾರು ಮುಟ್ಟಬಾರದು ಅನ್ನೋದನ್ನ ಹೊಸಬರಿಗೆ ಮೊದಲ ದಿನ ಹೇಳೋದೇ ಆ ನಿಯಂತ್ರಣದ ಮೊದಲ ಮೆಟ್ಟಿಲು ಅಂತ ಮಾತ್ರ ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ.

ಆಮೇಲೆ ಆಕೆ, ಆ ಆಫೀಸಿನ ಲೆಕ್ಕಪತ್ರದವರು ಮತ್ತು ನಾನು, ಮೂವರೂ ಕೂತು ಆ ಮೇಲನ್ನ ಹೊಸದಾಗಿ ಬರೆದೆವು. ಮುಂದಿನ ಸಲ ಸೇರುವವರಿಗೆ ಅಂತ. ಅದನ್ನ ಬರೆಯುವಾಗ ಏನೇನು ಯೋಚನೆ ಮಾಡಿದೆವು ಅಂತ ಹೇಳ್ತೀನಿ, ಕೊನೆಗೆ ಮೇಲನ್ನೂ ಓದ್ತೀನಿ.

ಮೊದಲು ಸಂಪರ್ಕದ ವಿಷಯ, ಎಡವಟ್ಟು ಜಾಸ್ತಿ ಆಗೋದು ಅಲ್ಲೇ. ಸಾಮಾನ್ಯವಾಗಿ ಈ ಪಟ್ಟಿಯನ್ನ ಹುದ್ದೆಯ ಪ್ರಕಾರ ಬರೀತಾರೆ: ಮುಖ್ಯ ಕಾರ್ಯನಿರ್ವಾಹಕರು, ವ್ಯವಸ್ಥಾಪಕರು, ಲೆಕ್ಕಿಗರು. ಒಳಗಿನವರಿಗೆ ಅದು ಸರಿ. ಹೊಸಬರಿಗೆ ‘ವ್ಯವಸ್ಥಾಪಕರು’ ಅಂದರೆ ಏನು ಮಾಡ್ತಾರೆ ಅಂತಲೇ ಗೊತ್ತಿರೋದಿಲ್ಲ. ಅವರ ಮುಂದೆ ಇರೋದು ಹುದ್ದೆಯಲ್ಲ, ತೊಂದರೆ. ರೈತ ದುಡ್ಡು ಕೊಡ್ತಿದ್ದಾನೆ, ಆ್ಯಪ್ ತೆರೀತಿಲ್ಲ, ಬಸ್ ತಪ್ಪಿದೆ, ಬೆಳೆಗೆ ಹುಳ ಬಿದ್ದೈತಿ ಅಂತ ಕೇಳ್ತಿದ್ದಾರೆ. ಹಾಗಾಗಿ ನಾವು ಪಟ್ಟಿಯನ್ನ ತಿರುವಿ ಹಾಕಿದೆವು. ಎಡಗಡೆ ತೊಂದರೆ, ಬಲಗಡೆ ಮನುಷ್ಯ. ಪ್ರತಿ ತೊಂದರೆಗೆ ಇಬ್ಬರು, ಯಾಕಂದರೆ ಒಬ್ಬರು ರಜೆ ಹಾಕೇ ಹಾಕ್ತಾರೆ. ಎಷ್ಟು ಹೊತ್ತಿಗೆ ಫೋನ್ ಮಾಡಬಹುದು ಅನ್ನೋದನ್ನೂ ಬರೆದೆವು. ಗೋವಿನಜೋಳದ ಸುಗ್ಗಿಯಲ್ಲಿ ಖರೀದಿ ಕೇಂದ್ರದವರು ತೂಕದ ಮುಂದೆ ನಿಂತಿರ್ತಾರೆ, ಮಧ್ಯಾಹ್ನ ಅವರು ಫೋನ್ ಎತ್ತೋದಿಲ್ಲ. ಅದು ಅವರ ತಪ್ಪಲ್ಲ. ಆದರೆ ಹೊಸಬರಿಗೆ ಮೊದಲೇ ಗೊತ್ತಿದ್ದರೆ ‘ನನ್ನನ್ನ ಕಡೆಗಣಿಸ್ತಿದ್ದಾರೆ’ ಅಂತ ಅನಿಸೋದಿಲ್ಲ.

ಇನ್ನೊಂದು ಕೆಲಸ ಮಾಡಿದೆವು, ಇದನ್ನ ಯಾರೂ ಮಾಡೋದಿಲ್ಲ: ಪಟ್ಟಿಯಲ್ಲಿದ್ದ ಪ್ರತಿ ನಂಬರಿಗೂ ಒಮ್ಮೆ ಫೋನ್ ಹಚ್ಚಿ ನೋಡಿದೆವು. ಏಳರಲ್ಲಿ ಒಂದು ನಂಬರ್ ಬಂದ್ ಆಗಿತ್ತು. ಇನ್ನೊಬ್ಬರಿಗೆ ಮೇಲಿನಲ್ಲಿ ತಮ್ಮ ಹೆಸರು ಇರೋದೇ ಗೊತ್ತಿರಲಿಲ್ಲ. “ನನ್ನ ಹೆಸರ್ಯಾಕ ಹಾಕೀರಿ?” ಅಂತ ಕೇಳಿದರು, ಆಮೇಲೆ “ಇರ್ಲಿ ಬಿಡ್ರಿ” ಅಂದರು. ಅದಕ್ಕೇ ಮೇಲಿನಲ್ಲಿ ಹೆಸರಿರುವ ಎಲ್ಲರನ್ನೂ ಸಿಸಿಯಲ್ಲಿ ಸೇರಿಸಬೇಕು. ಆಗ ಹೊಸಬರು ಫೋನ್ ಮಾಡಿದಾಗ “ನೀವ್ಯಾರು?” ಅನ್ನೋ ಪ್ರಶ್ನೆ ಬರೋದಿಲ್ಲ. ಒಂದು ಎಚ್ಚರ: ಹಾಗೆ ನಾಲ್ಕು ಜನರಿಗೆ ಸಿಸಿ ಹೋಗುವ ಮೇಲಿನಲ್ಲಿ ಹೊಸಬರ ಸಂಬಳ, ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆ ಇರಬಾರದು. ಅವು ನೇಮಕಾತಿ ಪತ್ರದಲ್ಲಿ, ಇಲ್ಲವೇ ಅವರೊಬ್ಬರಿಗೇ ಹೋಗುವ ಬೇರೆ ಮೇಲಿನಲ್ಲಿ. ಪಾಸ್‌ವರ್ಡ್ ಅಂತೂ ಫೋನಿನಲ್ಲಿ ಹೇಳಿ, ಮೊದಲ ಸಲ ತೆರೆದ ಕೂಡಲೇ ಬದಲಿಸೋಕೆ ಹೇಳಬೇಕು.

ನೇಮಕಾತಿ ಪತ್ರ ಅಂದೆ. ಸ್ವಾಗತದ ಮೇಲ್ ಅದರ ಬದಲಿಗೆ ಅಲ್ಲ, ಇದನ್ನ ಬಹಳ ಜನ ಗೊಂದಲ ಮಾಡ್ಕೋತಾರೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಕೆಲಸಗಾರರಿಗೆ ನೇಮಕಾತಿ ಪತ್ರ ಕೊಡಲೇಬೇಕು ಅಂತ ಅದರಲ್ಲಿದೆ. ‘ಮೇಲ್ ಕಳಿಸಿದ್ದೀವಲ್ಲ’ ಅಂದರೆ ನಡೆಯೋದಿಲ್ಲ.

ಈಗ ಆ ಒಂಬತ್ತಕ್ಕೆ ಬರೋಣ. ಸಂಪರ್ಕದ ಪಟ್ಟಿಯಲ್ಲಿ ಒಂದು ಸಾಲು ಹೆಚ್ಚು ಕಡಿಮೆ ಎಲ್ಲ ಸಣ್ಣ ಆಫೀಸುಗಳೂ ಬಿಟ್ಟುಬಿಡ್ತಾವೆ: ತೊಂದರೆ ಕೊಡುವವರೇ ಒಳಗಿನವರಾದರೆ ಯಾರಿಗೆ ಹೇಳಬೇಕು? ಒಬ್ಬ ಹುಡುಗಿ ನಾಲ್ಕು ತಾಲೂಕು ಸುತ್ತುವ ಕೆಲಸ, ಹಿರಿಯ ಸಂಯೋಜಕರ ಬೈಕಿನ ಹಿಂದೆ ಕೂತು ಹೋಗುವ ಪ್ರಸಂಗ ಬರುತ್ತದೆ. ಇಲ್ಲಿ ಯಾರ ಮೇಲೂ ಅನುಮಾನ ಅಂತಲ್ಲ, ಈ ಆಫೀಸಿನಲ್ಲಿ ಅಂಥದ್ದೇನೂ ಆಗಿಲ್ಲ. ಆದರೆ ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಹತ್ತು ಮತ್ತು ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಹತ್ತಕ್ಕಿಂತ ಕಡಿಮೆ ಇದ್ದರೆ? ಆಫೀಸಿನವರು “ನಾವು ಒಂಬತ್ತೇ ಮಂದಿ, ನಮಗ ಅದು ಬರಂಗಿಲ್ಲ” ಅಂದರು. ಅರ್ಧ ಸರಿ. ಅವರು ಸಮಿತಿ ಮಾಡಬೇಕಿಲ್ಲ, ಆದರೆ ಅಲ್ಲಿನ ಹೆಣ್ಣುಮಕ್ಕಳಿಗೆ ದೂರು ಕೊಡುವ ಹಕ್ಕು ಇದ್ದೇ ಇದೆ. ಅಂಥವರಿಗಾಗಿ ಪ್ರತಿ ಜಿಲ್ಲೆಯಲ್ಲೂ ಒಂದು ಸ್ಥಳೀಯ ಸಮಿತಿ ಇರಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ದೂರು ಮಾಲೀಕರ ಮೇಲೆಯೇ ಇದ್ದರೂ ಹೋಗೋದು ಅಲ್ಲಿಗೇ. ದೂರು ಬರವಣಿಗೆಯಲ್ಲಿರಬೇಕು, ಘಟನೆ ಆದ ಮೂರು ತಿಂಗಳೊಳಗೆ ಕೊಡಬೇಕು. ತಕ್ಕ ಕಾರಣ ಇದ್ದರೆ ಸಮಿತಿ ಆ ಅವಧಿಯನ್ನ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಮೂರು ತಿಂಗಳು ಅನ್ನೋದು ಬಹಳ ಸಣ್ಣ ಅವಧಿ. ಯಾರಿಗೆ ಹೇಳಬೇಕು ಅಂತ ಹುಡುಕೋದರಲ್ಲೇ ಅದು ಕಳೆದು ಹೋಗಬಾರದು ಅಂತಲೇ ಆ ಸಾಲು ಮೊದಲ ದಿನದ ಮೇಲಿನಲ್ಲಿರಬೇಕು. ಜಿಲ್ಲೆಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಈಗಿನ ಅಧ್ಯಕ್ಷರು ಯಾರು ಅಂತ ತಿಳಕೊಂಡು ಹೆಸರು, ನಂಬರ್ ಹಾಕೋದು ಆಫೀಸಿನ ಕೆಲಸ. ಜೊತೆಗೆ ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಇವೆರಡೂ ಎಲ್ಲರಿಗೂ ಗೊತ್ತು ಅಂದ್ಕೋಬೇಡ್ರಿ.

ಇನ್ನು ವಾರದ ಯೋಜನೆ. ಮೊದಲಿನ ಮೇಲಿನಲ್ಲಿ ನಾಲ್ಕು ದಿನಕ್ಕೆ ನಾಲ್ಕು ತಾಲೂಕು ಇತ್ತಲ್ಲ, ಅದು ಬೆಂಗಳೂರಿನಲ್ಲಿ ಕೂತು ನಕ್ಷೆ ನೋಡಿ ಮಾಡಿದ ಯೋಜನೆ. ನಕ್ಷೆಯಲ್ಲಿ ಎಲ್ಲ ಹತ್ತಿರ ಹತ್ತಿರವೇ. ಶಿಗ್ಗಾಂವ ಹೆದ್ದಾರಿಯ ಮೇಲಿದೆ, ಸವಣೂರ ಅದರ ಪಕ್ಕದ್ದು, ಎರಡನ್ನೂ ಒಂದೇ ದಿನ ನೋಡಬಹುದು. ಹಾನಗಲ್ಲ ಹಾವೇರಿಯಿಂದ ಪಶ್ಚಿಮಕ್ಕೆ. ಹಿರೇಕೆರೂರ ದಕ್ಷಿಣದ ಕಡೆ, ಸವಣೂರಿನಿಂದ ಹೊರಟರೆ ಜಿಲ್ಲೆಯ ಇನ್ನೊಂದು ತುದಿ. ಸವಣೂರಿನ ಹುಡುಗಿ ಹಿರೇಕೆರೂರ ಕಡೆಯ ಹಳ್ಳಿಗೆ ಹೋಗಿ ಸಂಜೆ ಮನೆಗೆ ಬರಬೇಕು ಅಂದರೆ ಆಕೆಯ ದಿನದ ಮುಕ್ಕಾಲು ಭಾಗ ಬಸ್ಸಿನಲ್ಲೇ. ಹಾಗಾಗಿ ಹಿರೇಕೆರೂರನ್ನ ಎರಡನೇ ವಾರಕ್ಕೆ ತಳ್ಳಿದೆವು. ಮೊದಲ ವಾರದಲ್ಲೇ ನಾಲ್ಕೂ ತಾಲೂಕು ತೋರಿಸಿಬಿಡಬೇಕು ಅನ್ನೋದು ಆಫೀಸಿನವರ ಹುರುಪು, ಹೊಸಬರಿಗೆ ಅದರಿಂದ ಏನೂ ಸಿಗೋದಿಲ್ಲ.

ಹಿರೇಕೆರೂರಿನ ಬಗ್ಗೆ ಇನ್ನೊಂದು ಮಾತು. ರಟ್ಟೀಹಳ್ಳಿ ಈಗ ಬೇರೆ ತಾಲೂಕು. ಆದರೆ ಕಂಪನಿಯ ಷೇರು ರಿಜಿಸ್ಟರಿನಲ್ಲಿ ಆ ಕಡೆಯ ಹಳ್ಳಿಗಳ ಮುಂದೆ ಇನ್ನೂ ‘ತಾ. ಹಿರೇಕೆರೂರ’ ಅಂತಲೇ ಇದೆ. ಹೊಸಬರು ಅದನ್ನೇ ನಂಬಿ ರೈತರ ಕಾಗದ ಮಾಡಿಸೋಕೆ ಹಿರೇಕೆರೂರಿನ ಕಚೇರಿಗೆ ಹೋದರೆ ಒಂದು ದಿನ ದಂಡ. ಇಂಥದ್ದು ಹತ್ತು ವರ್ಷ ಕೆಲಸ ಮಾಡಿದವರಿಗೆ ಹೇಳಬೇಕು ಅಂತಲೇ ಹೊಳೆಯೋದಿಲ್ಲ, ಅವರಿಗೆ ಅದು ಉಸಿರಾಟದ ಹಾಗೆ. ಅದಕ್ಕೇ ಸ್ವಾಗತದ ಮೇಲ್ ಬರೆಯುವಾಗ ಹೋದ ಸಲ ಸೇರಿದವರನ್ನ ಪಕ್ಕದಲ್ಲಿ ಕೂಡಿಸಿಕೊಳ್ಳಬೇಕು. ಅವರಿಗೆ ಇನ್ನೂ ನೆನಪಿರುತ್ತದೆ.

ಯೋಜನೆಯಲ್ಲಿ ಪ್ರತಿ ದಿನಕ್ಕೆ ನಾಲ್ಕೇ ವಿಷಯ ಬರೆದೆವು: ಎಲ್ಲಿ, ಎಷ್ಟು ಹೊತ್ತಿಗೆ, ಯಾರ ಜೊತೆ, ಸಂಜೆ ಹೊತ್ತಿಗೆ ಏನು ಗೊತ್ತಾಗಿರಬೇಕು. ‘ಕಂಪನಿಯ ಪರಿಚಯ’ ಅಂತ ಬರೆದರೆ ಏನು ಅರ್ಥ? ‘ತೇವಾಂಶದ ಮೀಟರ್ ಓದೋಕೆ ಬರಬೇಕು’ ಅಂತ ಬರೆದರೆ ಕಲಿಸುವವರಿಗೂ ಗೊತ್ತು, ಕಲಿಯುವವರಿಗೂ ಗೊತ್ತು. ಗೋವಿನಜೋಳದ ಕೆಲಸದಲ್ಲಿ ಇದು ದೊಡ್ಡ ವಿಷಯ. ಬೆಂಬಲ ಬೆಲೆಯ ಗುಣಮಟ್ಟಕ್ಕೆ ತೇವಾಂಶ ಶೇಕಡಾ 14ರ ಒಳಗಿರಬೇಕು. ಕಣದಿಂದ ಹಸಿ ಕಾಳು ತಂದವರಿಗೆ ಇನ್ನೂ ಒಣಗಿಸಿ ತರ್ರಿ ಅಂದರೆ ಸಿಟ್ಟು ಬರುತ್ತದೆ, ಆ ಸಿಟ್ಟು ಹಳ್ಳಿಯಲ್ಲಿ ಮೊದಲು ಸಿಗೋದು ಸಂಯೋಜಕಿಗೇ. ಮೀಟರ್ ಒಮ್ಮೆಯೂ ನೋಡದ ಹುಡುಗಿ ಏನು ಉತ್ತರ ಕೊಡಬೇಕು?

ಅದಕ್ಕಾಗಿಯೇ ಮೇಲಿನಲ್ಲಿ ಒಂದು ವಾಕ್ಯಕ್ಕೆ ಅನುಮತಿ ಕೊಟ್ಟೆವು: ‘ನಾನು ಹೊಸಬಳು, ಕೇಳಿ ನಾಳೆ ಫೋನ್ ಮಾಡ್ತೀನಿ’. ಮೊದಲ ವಾರ ಹೀಗೆ ಹೇಳಿದರೆ ಯಾರೂ ತಪ್ಪು ತಿಳಿಯೋದಿಲ್ಲ ಅಂತ ಆಫೀಸೇ ಬರೆದು ಕೊಟ್ಟರೆ ಹೊಸಬರು ಊಹೆ ಮಾಡಿ ಉತ್ತರ ಕೊಡೋದಿಲ್ಲ. ಇದರ ಜೊತೆಗೆ ಮಾಡಬಾರದ್ದು ಎರಡೇ ಎರಡು: ನಗದು ಮುಟ್ಟಬಾರದು, ದರದ ಬಗ್ಗೆ ಮಾತು ಕೊಡಬಾರದು. ನಾವು ಮೊದಲು ಹನ್ನೊಂದು ಬರೆದಿದ್ದೆವು. ಹನ್ನೊಂದು ಇದ್ದರೆ ಯಾರ ತಲೆಯಲ್ಲೂ ಉಳಿಯೋದಿಲ್ಲ ಅಂತ ಒಂಬತ್ತನ್ನ ತೆಗೆದೆವು. ಅವನ್ನ ಸೋಮವಾರ ಬಾಯಿಂದ ಹೇಳಿದರಾಯ್ತು.

ಬಸ್ ಖರ್ಚಿನ ವಿಷಯದಲ್ಲಿ ಸ್ವಲ್ಪ ಜಗಳವೇ ಆಯಿತು. ಕಂಪನಿಯ ಪ್ರಯಾಣ ಭತ್ಯೆಯ ನಮೂನೆಯಲ್ಲಿ ಟಿಕೆಟ್ ಲಗತ್ತಿಸಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರೋದರಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಸಿಗೋದು ಶೂನ್ಯ ಟಿಕೆಟ್. ಲೆಕ್ಕಪತ್ರದವರ ಪ್ರಕಾರ ಆಕೆಗೆ ಪ್ರಯಾಣ ಖರ್ಚೇ ಇಲ್ಲ. ಆದರೆ ಖರ್ಚು ಇರೋದು ಬಸ್ಸಿನಲ್ಲಿ ಅಲ್ಲ, ಬಸ್ ಇಳಿದ ಮೇಲೆ. ಹಂಸಭಾವಿಯಲ್ಲೋ ಅಕ್ಕಿಆಲೂರಿನಲ್ಲೋ ಇಳಿದು ಹಳ್ಳಿಗೆ ಹೋಗೋಕೆ ಟಂಟಂ ಹತ್ತಬೇಕು. ಟಂಟಂನವರು ಟಿಕೆಟ್ ಕೊಡ್ತಾರೇನ್ರಿ? ಮೊದಲ ವಾರ ಆಕೆ ಇದಕ್ಕೆಲ್ಲ ತನ್ನ ಕೈಯಿಂದಲೇ ಹಾಕಿದ್ದಳು, ಕೇಳೋಕೆ ಸಂಕೋಚ. ಕೊನೆಗೆ ಟಿಕೆಟ್ ಇಲ್ಲದ ಪ್ರಯಾಣಕ್ಕೆ ಒಂದು ಹಾಳೆಯಲ್ಲಿ ದಿನಾಂಕ, ಎಲ್ಲಿಂದ ಎಲ್ಲಿಗೆ, ಎಷ್ಟು ಅಂತ ಬರೆದು ಸಹಿ ಮಾಡಿ ಕೊಟ್ಟರೆ ಸಾಕು, ಪ್ರತಿ ಶನಿವಾರ ಹಣ ಕೊಡ್ತೀವಿ ಅಂತ ಒಪ್ಪಿದರು. ಅದು ಮೇಲಿನಲ್ಲಿ ಒಂದೇ ಸಾಲು, ಆದರೆ ಕೆಲಸಕ್ಕೆ ಹೊಸದಾಗಿ ಸೇರಿ ಮೊದಲ ಸಂಬಳ ಇನ್ನೂ ಬಂದಿಲ್ಲದವರಿಗೆ ಅದೇ ಮುಖ್ಯ ಸಾಲು.

ಕಳಿಸೋದು ಹೇಗೆ ಅನ್ನೋದನ್ನ ಬೇಗ ಮುಗಿಸ್ತೀನಿ. ಹೊಸಬರ ಸ್ವಂತ ಮೇಲ್ ವಿಳಾಸಕ್ಕೆ ಕಳಿಸಬೇಕು. ಸೋಮವಾರ ಸೇರುವವರಿಗೆ ಗುರುವಾರ ಹೋದರೆ ಸರಿ, ಫೋಟೋ, ಝೆರಾಕ್ಸ್ ಮಾಡಿಸೋಕೆ ಎರಡು ದಿನ ಸಿಗುತ್ತದೆ. ಭಾನುವಾರ ರಾತ್ರಿ ಕಳಿಸಿದರೆ ಝೆರಾಕ್ಸ್ ಅಂಗಡಿ ಎಲ್ಲಿ ತೆರೆದಿರುತ್ತದೆ? ವಾರದ ಯೋಜನೆ, ನಂಬರುಗಳು ಮೇಲಿನ ಮೈಯಲ್ಲೇ ಇರಬೇಕು, ಲಗತ್ತಿನಲ್ಲಲ್ಲ. ಇನ್ನು, ಸರ್ಕಾರಿ ಅಭ್ಯಾಸದಿಂದ ಕೆಲವರು ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ವರ್ಡ್ ಕಡತ ಲಗತ್ತಿಸ್ತಾರೆ. ಅವರ ಕಂಪ್ಯೂಟರಿನಲ್ಲಿ ಅದು ಕನ್ನಡ, ಹೊಸಬರ ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯುನಿಕೋಡಿನಲ್ಲಿ ಟೈಪ್ ಮಾಡಿ, ಕಳಿಸೋ ಮೊದಲು ತಮ್ಮದೇ ಮೊಬೈಲಿಗೆ ಒಮ್ಮೆ ಕಳಿಸಿ ನೋಡಿದರೆ ಗೊತ್ತಾಗಿಬಿಡುತ್ತದೆ.

ಈಗ ಆ ಮೇಲ್. ಹೆಸರು, ನಂಬರುಗಳನ್ನ ತೆಗೆದು ಓದ್ತಿದ್ದೀನಿ.

ವಿಷಯ: ಸೋಮವಾರ ಬೆಳಿಗ್ಗೆ 10ಕ್ಕೆ ಹಾವೇರಿ ಆಫೀಸು – ನಿಮ್ಮ ಮೊದಲ ವಾರ

ನಮಸ್ಕಾರ,

ನೀವು ನಮ್ಮ ಜೊತೆ ಕೆಲಸಕ್ಕೆ ಸೇರುತ್ತಿರುವುದು ನಮಗೆ ಸಂತೋಷ. ನೀವು ಒಂಬತ್ತನೆಯವರು. ಈ ಮೇಲ್ ಅನ್ನು ನಿಮ್ಮ ಮೊಬೈಲಿನಲ್ಲಿ ಉಳಿಸಿಕೊಳ್ಳಿ, ವಾರಪೂರ್ತಿ ಬೇಕಾಗುತ್ತದೆ. ಕೆಳಗೆ ಹೆಸರಿರುವ ಎಲ್ಲರಿಗೂ ಇದರ ಪ್ರತಿ ಹೋಗಿದೆ, ನೀವು ಫೋನ್ ಮಾಡುತ್ತೀರೆಂದು ಅವರಿಗೆ ಗೊತ್ತು.

ಸೋಮವಾರ ಬರುವಾಗ ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಎರಡು ಫೋಟೋ ತನ್ನಿ. ಆಫೀಸು ಸಿಗದಿದ್ದರೆ ಬಸ್‌ಸ್ಟ್ಯಾಂಡಿನಿಂದ ಮೊದಲ ನಂಬರಿಗೆ ಫೋನ್ ಮಾಡಿ, ಬಂದು ಕರೆದುಕೊಂಡು ಹೋಗುತ್ತಾರೆ. ನೇಮಕಾತಿ ಪತ್ರವನ್ನು ಅಂದೇ ಕೈಗೆ ಕೊಡುತ್ತೇವೆ, ಓದಿ ಸಹಿ ಮಾಡಿ.

ಸೋಮವಾರ: ಹಾವೇರಿ ಆಫೀಸು, ಲೆಕ್ಕಪತ್ರದವರ ಜೊತೆ. ಸಂಜೆ ಹೊತ್ತಿಗೆ ಷೇರು ರಿಜಿಸ್ಟರಿನಲ್ಲಿ ಒಬ್ಬ ಸದಸ್ಯರನ್ನು ಹುಡುಕಲು, ಆ್ಯಪ್ ತೆರೆಯಲು ಬರಬೇಕು. ರಟ್ಟೀಹಳ್ಳಿ ತಾಲೂಕಿನ ಹಳ್ಳಿಗಳು ರಿಜಿಸ್ಟರಿನಲ್ಲಿ ಹಿರೇಕೆರೂರ ಎಂದೇ ಇವೆ, ಅವು ಯಾವುವೆಂದು ಕೇಳಿ ಗುರುತು ಹಾಕಿಕೊಳ್ಳಿ.

ಮಂಗಳವಾರ: ಖರೀದಿ ಕೇಂದ್ರ, ಬೆಳಿಗ್ಗೆ 8ಕ್ಕೆ, ಕೇಂದ್ರದ ಮೇಲ್ವಿಚಾರಕರ ಜೊತೆ. ತೂಕ ಮತ್ತು ತೇವಾಂಶ ನೋಡುವುದನ್ನು ಕಲಿಯಿರಿ. ಕನಿಷ್ಠ ಹತ್ತು ಚೀಲದ ಕಾಳನ್ನು ನೀವೇ ಮೀಟರಿಗೆ ಹಾಕಿ ನೋಡಿ.

ಬುಧವಾರ: ಶಿಗ್ಗಾಂವ ಮತ್ತು ಸವಣೂರ, ಹಿರಿಯ ಸಂಯೋಜಕರ ಜೊತೆ. ಈ ದಿನ ನೀವು ಕೇಳಿಸಿಕೊಳ್ಳುವುದು ಮಾತ್ರ. ಬಂಕಾಪುರದಲ್ಲಿ ರೈತ ಸಂಪರ್ಕ ಕೇಂದ್ರದವರ ಪರಿಚಯ ಮಾಡಿಕೊಡುತ್ತಾರೆ.

ಗುರುವಾರ: ಹಾನಗಲ್ಲ, ಅಕ್ಕಿಆಲೂರು ಕಡೆ, ಅವರ ಜೊತೆಯೇ. ಅವರು ಬರಲಾಗದಿದ್ದರೆ ನೀವೂ ಹೋಗಬೇಡಿ, ಆಫೀಸಿಗೆ ಬನ್ನಿ.

ಶುಕ್ರವಾರ: ನಿಮ್ಮ ಊರಿನ ಹತ್ತಿರದ ಮೂವರು ಸದಸ್ಯರನ್ನು ನೀವೊಬ್ಬರೇ ಭೇಟಿ ಮಾಡಿ. ಅವರು ಕೇಳಿದ ಪ್ರಶ್ನೆಗಳನ್ನು ಬರೆದುಕೊಂಡು ಬಂದರೆ ಸಾಕು, ಉತ್ತರ ಕೊಡಬೇಕಿಲ್ಲ.

ಶನಿವಾರ: ಹಾವೇರಿ, ಅರ್ಧ ದಿನ. ನಿಮ್ಮ ಪ್ರಶ್ನೆಗಳಿಗೆ ಒಂದು ತಾಸು. ಪ್ರಯಾಣದ ಹಣ ಅಂದೇ. ಟಿಕೆಟ್ ಇಲ್ಲದ ಟಂಟಂ ಖರ್ಚನ್ನು ಹಾಳೆಯಲ್ಲಿ ಬರೆದು ಸಹಿ ಮಾಡಿ ಕೊಡಿ.

ಹಿರೇಕೆರೂರ ಎರಡನೇ ವಾರ.

ಮೊದಲ ವಾರ ಎರಡು ಮಾತು ನೆನಪಿರಲಿ. ಯಾರು ಕೊಟ್ಟರೂ ನಗದು ತೆಗೆದುಕೊಳ್ಳಬೇಡಿ. ದರ ಇಷ್ಟು ಸಿಗುತ್ತದೆ ಎಂದು ಯಾರಿಗೂ ಮಾತು ಕೊಡಬೇಡಿ. ಉತ್ತರ ಗೊತ್ತಿಲ್ಲದಿದ್ದರೆ ‘ನಾನು ಹೊಸಬಳು, ಕೇಳಿ ನಾಳೆ ಫೋನ್ ಮಾಡುತ್ತೇನೆ’ ಎನ್ನಿ.

ರೈತರು ದುಡ್ಡು ಕೊಡಲು ಬಂದರೆ, ಹಣದ ಬಗ್ಗೆ ಏನೇ ಪ್ರಶ್ನೆ ಇದ್ದರೆ: ಲೆಕ್ಕಪತ್ರದವರು. ಅವರು ಸಿಗದಿದ್ದರೆ ಮುಖ್ಯ ಕಾರ್ಯನಿರ್ವಾಹಕರು, ಯಾವ ಹೊತ್ತಿನಲ್ಲಾದರೂ. ತೂಕ, ತೇವಾಂಶ, ಖರೀದಿ: ಕೇಂದ್ರದ ಮೇಲ್ವಿಚಾರಕರು, ಬೆಳಿಗ್ಗೆ 9ರ ಒಳಗೆ ಅಥವಾ ಸಂಜೆ 6ರ ನಂತರ. ಬೆಳೆಗೆ ರೋಗ, ಕೀಟ: ನೀವು ಔಷಧಿ ಹೇಳಬೇಡಿ, ಆ ಹೋಬಳಿಯ ರೈತ ಸಂಪರ್ಕ ಕೇಂದ್ರ ಅಥವಾ ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೇಳಲು ತಿಳಿಸಿ. ದಾರಿಯಲ್ಲಿ ತೊಂದರೆ, ಬಸ್ ತಪ್ಪಿದರೆ: ಹಿರಿಯ ಸಂಯೋಜಕರು, ನಂತರ ಮುಖ್ಯ ಕಾರ್ಯನಿರ್ವಾಹಕರು. ತುರ್ತಾದರೆ 112, ಆಂಬುಲೆನ್ಸ್ 108.

ನಮ್ಮವರಿಂದಲೇ ನಿಮಗೆ ಕಿರುಕುಳವಾದರೆ, ಅದು ಯಾರೇ ಆಗಿರಲಿ, ನಮಗೆ ಹೇಳದೆಯೂ ನೇರವಾಗಿ ಜಿಲ್ಲಾ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಘಟನೆಯಿಂದ ಮೂರು ತಿಂಗಳೊಳಗೆ, ಬರವಣಿಗೆಯಲ್ಲಿ. ಅಧ್ಯಕ್ಷರ ನಂಬರ್ ಕೆಳಗಿದೆ. ಮಹಿಳಾ ಸಹಾಯವಾಣಿ 181.

ಸೋಮವಾರ ಸಿಗೋಣ.

ಇಷ್ಟೇ. ಓದೋಕೆ ಮೂರು ನಿಮಿಷ. ಕೊನೆಯ ಆ ಕಿರುಕುಳದ ಸಾಲಿನ ಬಗ್ಗೆ ಆಫೀಸಿನಲ್ಲಿ “ಸ್ವಾಗತದ ಪತ್ರದಾಗ ಇಂಥದ್ದು ಚೊಲೋ ಕಾಣಂಗಿಲ್ಲ” ಅಂತ ಒಬ್ಬರು ತಕರಾರು ತೆಗೆದರು. ಲೆಕ್ಕಪತ್ರದವರು, ಆ ದಿನ ಆಕೆಯನ್ನ ಎಲ್ಲರ ಮುಂದೆ ಕೇಳಿದವರೇ, “ಇರ್ಲಿ, ನನ್ನ ಮಗಳೂ ಮುಂದ ಎಲ್ಯಾರ ಕೆಲಸಕ್ಕ ಹೋಗಾಕಿನ ಅದಾಳ” ಅಂದರು. ಸಾಲು ಉಳಿಯಿತು.

ಈ ಮೇಲಿಗೂ ಮಿತಿ ಇದೆ. ಗುರುವಾರ ‘ಅವರು ಬರದಿದ್ದರೆ ನೀವೂ ಹೋಗಬೇಡಿ’ ಅಂತ ಬರೆದಿದ್ದೀವಿ, ಸುಗ್ಗಿಯಲ್ಲಿ ಅದನ್ನ ಆಫೀಸು ಪಾಲಿಸದೇ ಹೋದರೆ ಮೇಲ್ ಏನೂ ಮಾಡೋಕಾಗೋದಿಲ್ಲ. ನಂಬರುಗಳು ಆರು ತಿಂಗಳಲ್ಲಿ ಹಳತಾಗ್ತಾವೆ, ಹಾಗಾಗಿ ಪ್ರತಿ ಸಲ ಕಳಿಸೋ ಮೊದಲು ಫೋನ್ ಹಚ್ಚಿ ನೋಡೋ ಕೆಲಸ ಯಾರದ್ದು ಅಂತ ನಿಗದಿ ಮಾಡಬೇಕಾಯಿತು. ಅದು ಈಗ ಆಕೆಯದೇ ಕೆಲಸ. ಹೌದು, ಆಕೆ ಬಿಡಲಿಲ್ಲ. ಆ ಎರಡು ಸಾವಿರಕ್ಕೆ ರಸೀದಿ ಹರಿಸಿ, ತಾನೇ ಹಿರೇಕೆರೂರ ಕಡೆಗೆ ಹೋಗಿ ಆ ಹಿರಿಯರ ಕೈಗೆ ಕೊಟ್ಟು, ತನ್ನ ನೋಟ್‌ಬುಕ್ಕಿನ ಹಾಳೆ ವಾಪಸ್ ಇಸಕೊಂಡು ಬಂದಳು.

ಮೊನ್ನೆ ಒಬ್ಬ ಹೊಸ ಹುಡುಗ ಸೇರಿದ, ಹಾನಗಲ್ಲ ಕಡೆಯವನು. ಅವನಿಗೆ ಹೋದ ಮೇಲನ್ನ ಆಕೆ ನನಗೂ ಕಳಿಸಿದ್ದಳು. ‘ಹೊಸಬಳು’ ಅನ್ನೋದನ್ನ ‘ಹೊಸಬ’ ಮಾಡಿದ್ದಾಳೆ, ಶುಕ್ರವಾರದ ಭೇಟಿಯನ್ನ ಅವನ ಊರಿನ ಹತ್ತಿರಕ್ಕೆ ಬದಲಿಸಿದ್ದಾಳೆ. ಮತ್ತೆ ಒಂದು ಸಾಲು ಹೊಸದಾಗಿ ಸೇರಿಸಿದ್ದಾಳೆ, ನಾವು ಮೂವರೂ ಮರೆತದ್ದು: ‘ಹಳ್ಳಿಯಲ್ಲಿ ಇಳಿದ ಕೂಡಲೇ ಕಂಡಕ್ಟರಿಗೆ ಸಂಜೆಯ ಕೊನೆಯ ಬಸ್ ಎಷ್ಟೊತ್ತಿಗೆ ಅಂತ ಕೇಳಿಕೊಳ್ಳಿ. ಬೋರ್ಡಿನ ಮೇಲಿನ ಹೊತ್ತನ್ನು ನಂಬಬೇಡಿ.’

ನಿಮ್ಮ ಆಫೀಸಿನಿಂದ ನಿಮಗೆ ಬಂದ ಮೊದಲ ಮೇಲ್ ಇನ್ನೂ ಇದ್ದರೆ, ಹೆಸರು ನಂಬರ್ ಅಳಿಸಿ ನನಗೆ ಕಳಿಸ್ರಿ. ಮುಂದಿನ ಸಂಚಿಕೆಯಲ್ಲಿ ಕೆಲಸ ಬಿಡುವಾಗಿನ ಲೆಕ್ಕದ ಬಗ್ಗೆ ಮಾತಾಡೋಣ. ಬರ್ತೀನ್ರಿ.